ಕೊಂಡ ಹಳೆಯ ಐಫೋನ್ ಹಿಂದಿನ ಮಾಲೀಕರ ಹೆಸರಿಗೇ ಲಾಕ್ ಆಗಿದ್ದರೆ: ಕಾರಣ ಪತ್ತೆ ಮತ್ತು ಮಾರಿದವರು ಬಿಡಿಸಿಕೊಡುವ ಸರಿಯಾದ ಕ್ರಮ

ಮೈಸೂರಿನಲ್ಲೋ ಮಂಡ್ಯದಲ್ಲೋ ಪರಿಚಯದವರಿಂದ ಅಥವಾ ಜಾಹೀರಾತು ನೋಡಿ ಸೆಕೆಂಡ್ ಹ್ಯಾಂಡ್ ಐಫೋನ್ ಕೊಂಡು ಮನೆಗೆ ತಂದು, ಭಾಷೆ ಆರಿಸಿ ವೈಫೈಗೆ ಜೋಡಿಸಿದ ಕೂಡಲೇ ಪರದೆಯ ಮೇಲೆ "iPhone Locked to Owner" ಎಂಬ ಸಾಲು ಕಾಣಿಸಿಕೊಂಡರೆ ಅದು ಫೋನಿನ ಕೆಡುಕಲ್ಲ, ತಂತ್ರಾಂಶದ ದೋಷವೂ ಅಲ್ಲ. ಅದು ಆಕ್ಟಿವೇಶನ್ ಲಾಕ್. 2013ರಲ್ಲಿ ಐಓಎಸ್ 7ರೊಂದಿಗೆ ಬಂದ ಈ ವ್ಯವಸ್ಥೆ, ಫೋನಿನಲ್ಲಿ ಕಳೆದ ಸಾಧನವನ್ನು ಹುಡುಕಿಕೊಡುವ ಫೈಂಡ್ ಮೈ ಸೌಲಭ್ಯವನ್ನು ಚಾಲೂ ಮಾಡಿದ ಕ್ಷಣದಿಂದ ತಾನಾಗಿಯೇ ಜಾರಿಯಾಗುತ್ತದೆ. ಅದನ್ನು ಬೇರೆಯಾಗಿ ಆನ್ ಮಾಡಬೇಕಾಗಿಲ್ಲವಾದ್ದರಿಂದ ಅಂಥದ್ದೊಂದು ಇದೆಯೆಂಬುದೇ ಎಷ್ಟೋ ಮಾರಾಟಗಾರರಿಗೆ ತಿಳಿದಿರುವುದಿಲ್ಲ.

ಈ ಲಾಕ್ ಇರುವುದು ಫೋನಿನೊಳಗೆ ಅಲ್ಲ, ಆಪಲ್‌ನ ಸರ್ವರಿನಲ್ಲಿ ಎಂಬುದನ್ನು ಮೊದಲು ಮನಗಂಡರೆ ಮುಂದಿನ ಹುಡುಕಾಟವೆಲ್ಲ ಸುಲಭವಾಗುತ್ತದೆ. ಫೋನು ಹೊಸದಾಗಿ ಸಿದ್ಧವಾಗುವಾಗ ತನ್ನ ಗುರುತಿನ ಸಂಖ್ಯೆಗಳನ್ನು ಆ ಸರ್ವರಿಗೆ ಕಳುಹಿಸಿ ಅನುಮತಿ ಕೇಳುತ್ತದೆ. ಆ ಸಂಖ್ಯೆಯ ಎದುರಿಗೆ ಯಾವುದಾದರೂ ಆಪಲ್ ಖಾತೆ ದಾಖಲಾಗಿದ್ದರೆ ಆ ಖಾತೆಯ ಪಾಸ್‌ವರ್ಡ್ ಬರುವವರೆಗೂ ಸರ್ವರ್ ಅನುಮತಿ ಕೊಡುವುದಿಲ್ಲ. ಹೊಲವನ್ನು ಎಷ್ಟು ಸಲ ಉತ್ತರೂ ಪಹಣಿಯಲ್ಲಿನ ಹೆಸರು ಬದಲಾಗದಂತೆ, ಫೋನನ್ನು ಎಷ್ಟು ಸಲ ಅಳಿಸಿದರೂ, ಕಂಪ್ಯೂಟರಿಗೆ ಜೋಡಿಸಿ ರೀಸ್ಟೋರ್ ಮಾಡಿದರೂ ಆ ದಾಖಲೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕೊಂಡವರು ಫೋನಿನ ಮೇಲೆ ಏನೂ ಮಾಡಬೇಕಾಗಿಲ್ಲ, ಮಾಡಿ ಪ್ರಯೋಜನವೂ ಇಲ್ಲ. ಕಂಡುಹಿಡಿಯಬೇಕಾದದ್ದು ಇಷ್ಟೇ: ದಾಖಲೆ ಯಾರ ಖಾತೆಯಲ್ಲಿದೆ, ಮತ್ತು ಆ ಖಾತೆಯವರು ಅದನ್ನು ಎಲ್ಲಿಂದ ತೆಗೆಯಬೇಕು.

ಮೊದಲು, ಇದು ಯಾವ ಲಾಕ್?

ಅಂಗಡಿಯವರಿಂದ ಹಿಡಿದು ಕೊಂಡವರವರೆಗೆ ಎಲ್ಲರೂ ಎಲ್ಲ ಲಾಕ್‌ಗಳನ್ನೂ "ಐಕ್ಲೌಡ್ ಲಾಕ್" ಎಂದೇ ಕರೆಯುವುದರಿಂದ ಗೊಂದಲ ಹೆಚ್ಚುತ್ತದೆ. ಪರದೆಯಲ್ಲಿರುವ ಅಕ್ಷರಗಳನ್ನು ಓದಿದರೆ ಗುರುತು ಸಿಗುತ್ತದೆ. "iPhone Unavailable" ಅಥವಾ "Security Lockout" ಎಂದಿದ್ದರೆ ಪಾಸ್‌ಕೋಡನ್ನು ತಪ್ಪಾಗಿ ಹಲವು ಸಲ ಒತ್ತಿದ್ದರ ಫಲ ಅದು. ಫೋನು ಇನ್ನೂ ಅಳಿದಿಲ್ಲ, ಹಿಂದಿನವರ ಮಾಹಿತಿ ಒಳಗೇ ಇದೆ, ಮತ್ತು ಅದರ ಹಿಂದೆ ಆಕ್ಟಿವೇಶನ್ ಲಾಕ್ ಕೂಡ ಕಾದಿರುವ ಸಾಧ್ಯತೆ ಹೆಚ್ಚು. "Remote Management" ಎಂದು ಒಂದು ಸಂಸ್ಥೆಯ ಹೆಸರಿನೊಂದಿಗೆ ಬಂದರೆ ಅದು ಕಚೇರಿಯಿಂದ ನೌಕರರಿಗೆ ಕೊಟ್ಟ ಫೋನು. ಅದನ್ನು ಬಿಡಿಸುವ ಅಧಿಕಾರ ಆ ಸಂಸ್ಥೆಯ ಐಟಿ ವಿಭಾಗಕ್ಕೆ ಮಾತ್ರ ಇರುತ್ತದೆ, ಮಾರಿದವರಿಗಲ್ಲ. ಸರ್ವರನ್ನು ತಲುಪಲಾಗಲಿಲ್ಲ ಎಂಬ ಅರ್ಥದ ಸಂದೇಶ ಬಂದರೆ ಅದು ಲಾಕೇ ಅಲ್ಲ. ವೈಫೈ ಬದಲಿಸಿ, ಫೋನು ಆರಿಸಿ ಹಚ್ಚಿ ಮತ್ತೊಮ್ಮೆ ನೋಡಬೇಕು. ಪರದೆಯ ಮೇಲೆ ಮಾಲೀಕರ ಸಂದೇಶವೋ ಕರೆ ಮಾಡಬೇಕಾದ ಸಂಖ್ಯೆಯೋ ಕಾಣಿಸಿದರೆ ಫೋನು ಲಾಸ್ಟ್ ಮೋಡ್‌ನಲ್ಲಿದೆ, ಅಂದರೆ ಕಳೆದುಹೋಗಿದೆಯೆಂದು ಯಾರೋ ಗುರುತು ಹಾಕಿದ್ದಾರೆ. ಅಂಥ ಫೋನನ್ನು ಮಾರಿದವರು ನಗುನಗುತ್ತಾ ಏನೇ ವಿವರಣೆ ಕೊಟ್ಟರೂ, ಆ ಸಂಖ್ಯೆಗೆ ಕರೆ ಮಾಡಿ ವಿಚಾರಿಸುವವರೆಗೆ ನಂಬಬಾರದು.

ಆಕ್ಟಿವೇಶನ್ ಲಾಕ್ ಎಂದು ಖಚಿತವಾದ ಮೇಲೆ ಆ ಪರದೆಯಿಂದಲೇ ಎರಡು ಸುಳಿವುಗಳನ್ನು ಬರೆದಿಟ್ಟುಕೊಳ್ಳಬೇಕು. ಒಂದು, ಅಲ್ಲಿ ಅರ್ಧ ಮುಚ್ಚಿದಂತೆ ಕಾಣುವ ಇಮೇಲ್ ವಿಳಾಸ ಅಥವಾ ಫೋನ್ ಸಂಖ್ಯೆ. ಮೊದಲ ಅಕ್ಷರವೂ @ ಗುರುತಿನ ನಂತರದ ಭಾಗವೂ ಸಾಮಾನ್ಯವಾಗಿ ಕಾಣುತ್ತವೆ. ಎರಡು, ಮೂಲೆಯಲ್ಲಿರುವ i ಗುರುತನ್ನು ಒತ್ತಿದಾಗ ತೋರುವ, ಪ್ರತಿ ಫೋನಿಗೂ ಬೇರೆಯಾದ ಗುರುತಿನ ಸಂಖ್ಯೆಗಳಾದ ಐಎಂಇಐ ಮತ್ತು ಸೀರಿಯಲ್ ಸಂಖ್ಯೆ. ಫೋನು ಈ ಹಂತದಲ್ಲಿ ಐಎಂಇಐ ತಿಳಿಯಲು ಬಳಸುವ *#06# ಒತ್ತಲು ಬಿಡುವುದಿಲ್ಲವಾದ್ದರಿಂದ ಈ i ಗುರುತೇ ದಾರಿ. ಮಾರಿದವರು ಬಿಲ್ ಕೊಟ್ಟಿದ್ದರೆ ಅದರಲ್ಲಿರುವ ಐಎಂಇಐ ಇದಕ್ಕೆ ತಾಳೆಯಾಗುತ್ತದೆಯೇ ಎಂದು ಆಗಲೇ ನೋಡಿಕೊಳ್ಳುವುದು ಒಳ್ಳೆಯದು. ಡಬ್ಬಿ ಒಂದು ಫೋನಿನದು, ಒಳಗಿರುವುದು ಇನ್ನೊಂದು ಎಂಬ ಪ್ರಸಂಗ ಅಪರೂಪವೇನಲ್ಲ.

"ನಾನು ರೀಸೆಟ್ ಮಾಡಿಯೇ ಕೊಟ್ಟೆ" ಎಂಬ ಮಾತು

ಮಾರಿದವರಿಗೆ ಕರೆ ಮಾಡಿದಾಗ ಬರುವ ಮೊದಲ ಉತ್ತರ ಬಹುಪಾಲು ಇದೇ ಆಗಿರುತ್ತದೆ, ಮತ್ತು ಹೆಚ್ಚಿನವರು ಸುಳ್ಳು ಹೇಳುತ್ತಿರುವುದಿಲ್ಲ. ಅಳಿಸುವುದಕ್ಕೂ ಬಿಡಿಸುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿರುವುದಿಲ್ಲ, ಅಷ್ಟೇ. ಫೋನಿನ ಸೆಟ್ಟಿಂಗ್ಸ್‌ನಿಂದಲೇ ಅಳಿಸಿದ್ದರೆ ಆ ಕ್ರಮದ ನಡುವೆ ಆಪಲ್ ಖಾತೆಯ ಪಾಸ್‌ವರ್ಡ್ ಕೇಳಿ ಲಾಕ್ ತೆಗೆದೇ ಮುಂದೆ ಹೋಗುತ್ತದೆ. ಆದರೆ ಪಾಸ್‌ಕೋಡ್ ಮರೆತು ಅಂಗಡಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ ರೀಸ್ಟೋರ್ ಮಾಡಿಸಿದ್ದರೆ, ಅಥವಾ ಬೇರೊಂದು ಫೋನಿನಿಂದ ದೂರದಲ್ಲಿ ಅಳಿಸಿ ಅಲ್ಲಿಗೇ ನಿಲ್ಲಿಸಿದ್ದರೆ, ಫೋನು ಖಾಲಿಯಾಗಿ "Hello" ಎಂದು ತೋರಿಸುತ್ತದೆಯೇ ಹೊರತು ದಾಖಲೆ ಕದಲಿರುವುದಿಲ್ಲ. ಹಲೋ ಪರದೆ ಕಂಡು ಹಣ ಕೊಟ್ಟವರು ಸಿಕ್ಕಿಬೀಳುವುದು ಇಲ್ಲೇ, ಏಕೆಂದರೆ ವೈಫೈಗೆ ಜೋಡಿಸಿ ಸರ್ವರಿನ ಉತ್ತರ ಬರುವವರೆಗೆ ಫೋನು ಬಿಡುಗಡೆಯಾಗಿದೆಯೆಂದು ಹೇಳಲು ಸಾಧ್ಯವಿಲ್ಲ.

ಇನ್ನೊಂದು ತಪ್ಪು ಸ್ವಲ್ಪ ಸೂಕ್ಷ್ಮವಾದದ್ದು. ಆಪಲ್ ಖಾತೆಗೆ ಎರಡು ಪಟ್ಟಿಗಳಿವೆ: ಖಾತೆಗೆ ಸೈನ್ ಇನ್ ಆಗಿರುವ ಸಾಧನಗಳ ಪಟ್ಟಿ ಒಂದು, ಫೈಂಡ್ ಮೈ ಪಟ್ಟಿ ಇನ್ನೊಂದು. account.apple.com ಪುಟದಲ್ಲಿ ಮೊದಲ ಪಟ್ಟಿಯನ್ನು ನೋಡಿ ಅಲ್ಲಿ ಫೋನಿಲ್ಲವೆಂದು ಸಮಾಧಾನಪಟ್ಟವರು ಎಷ್ಟೋ ಮಂದಿ. ಆಕ್ಟಿವೇಶನ್ ಲಾಕ್ ಕಟ್ಟಿಕೊಂಡಿರುವುದು ಎರಡನೆಯ ಪಟ್ಟಿಗೆ. ಮೊದಲ ಪಟ್ಟಿಯ ಉಪಯೋಗ ಬೇರೆ. ಅಲ್ಲಿ ಫೋನು ಇನ್ನೂ ಇದ್ದರೆ ಅದರ ಸೀರಿಯಲ್ ಸಂಖ್ಯೆ ಕಾಣುವುದರಿಂದ, ಮನೆಯಲ್ಲಿ ಎರಡು ಮೂರು ಐಫೋನ್ ಇರುವವರು ತಾವು ಬಿಡಿಸಬೇಕಾದದ್ದು ಯಾವುದೆಂದು ಖಚಿತಪಡಿಸಿಕೊಳ್ಳಬಹುದು.

ಮಾರಿದವರು ದೂರದಿಂದಲೇ ಬಿಡಿಸುವ ಕ್ರಮ

ಫೋನನ್ನು ಅವರ ಊರಿಗೆ ಕೊಂಡೊಯ್ಯುವ ಅಗತ್ಯವಿಲ್ಲ. ಮಾರಿದವರು ಈಗ ಆಂಡ್ರಾಯ್ಡ್ ಬಳಸುತ್ತಿದ್ದರೂ ಅದರ ಬ್ರೌಸರಿನಲ್ಲೇ icloud.com/find ತೆರೆದು ತಮ್ಮ ಆಪಲ್ ಖಾತೆಯಿಂದ ಸೈನ್ ಇನ್ ಆಗಬಹುದು. ಇಲ್ಲಿ ಅನೇಕರು "ಓಟಿಪಿ ಬರುತ್ತಿಲ್ಲ, ಅದು ಹಳೆಯ ಫೋನಿಗೇ ಹೋಗುತ್ತದೆ" ಎಂದು ಕೈಬಿಡುತ್ತಾರೆ. ಕಳೆದುಹೋದ ಫೋನನ್ನು ಹುಡುಕಲು ಅದೇ ಫೋನಿಗೆ ಬರುವ ಸಂಕೇತ ಬೇಕೆಂದರೆ ಅರ್ಥವಿಲ್ಲವಾದ್ದರಿಂದ, ಸಂಕೇತ ಕೇಳುವ ಪುಟದಲ್ಲೇ ಸಾಧನ ಹುಡುಕುವ ಆಯ್ಕೆಯನ್ನು ಬೇರೆಯಾಗಿ ಇಟ್ಟಿದ್ದಾರೆ; ಅದನ್ನು ಒತ್ತಿದರೆ ಪಾಸ್‌ವರ್ಡ್ ಒಂದರಿಂದಲೇ ಒಳಗೆ ಹೋಗಬಹುದು.

ಒಳಗೆ "All Devices" ಪಟ್ಟಿಯಲ್ಲಿ ಮಾರಿದ ಫೋನನ್ನು ಆರಿಸಿದಾಗ ಏನು ಕಾಣುತ್ತದೆ ಎಂಬುದು ಫೋನಿನ ಸ್ಥಿತಿಯನ್ನು ಅವಲಂಬಿಸಿದೆ. ಫೋನು ಈಗಾಗಲೇ ಅಳಿಸಿದ್ದು ಲಾಕ್ ಪರದೆಯಲ್ಲೇ ನಿಂತಿದ್ದರೆ ಅದು ಆಫ್‌ಲೈನ್ ಎಂದು ತೋರುತ್ತದೆ ಮತ್ತು "Remove This Device" ಎಂಬ ಆಯ್ಕೆ ನೇರವಾಗಿ ಸಿಗುತ್ತದೆ. ಅದನ್ನು ಒತ್ತಿ ಖಚಿತಪಡಿಸಿದರೆ ಕೆಲಸ ಮುಗಿಯಿತು. ಫೋನು ಅಳಿಸದೆ ಹಿಂದಿನವರ ಪಾಸ್‌ಕೋಡಿನೊಂದಿಗೆ ಇನ್ನೂ ಹಾಗೇ ಇದ್ದರೆ ಎರಡು ಹೆಜ್ಜೆ ಬೇಕು: ಮೊದಲು ಅಳಿಸುವ ಆಜ್ಞೆ, ಅದು ಪೂರ್ತಿಯಾದ ಮೇಲೆ ಖಾತೆಯಿಂದ ತೆಗೆಯುವ ಆಜ್ಞೆ. ಕೊಂಡವರು ಆ ಹೊತ್ತಿನಲ್ಲಿ ಫೋನನ್ನು ಅಂತರ್ಜಾಲಕ್ಕೆ ಜೋಡಿಸಿಟ್ಟಿರಬೇಕು, ಇಲ್ಲದಿದ್ದರೆ ಅಳಿಸುವ ಆಜ್ಞೆ ಬಾಕಿ ಉಳಿಯುತ್ತದೆ. ಅಳಿಸುವಾಗ ಸಂಪರ್ಕ ಸಂಖ್ಯೆ ಮತ್ತು ಸಂದೇಶ ಬರೆಯುವಂತೆ ಕೇಳಿದರೆ ಎರಡನ್ನೂ ಖಾಲಿ ಬಿಡಬೇಕು. ಅವು ಕಳೆದುಹೋದ ಫೋನಿಗೆ ಮೀಸಲಾದವು. ಅಳಿಸುವ ಮೊದಲೇ ತೆಗೆಯಲು ಹೋದರೆ, ಫೋನು ಇನ್ನೂ ಆ ಖಾತೆಗೆ ಸೈನ್ ಇನ್ ಆಗಿಯೇ ಇರುವುದರಿಂದ ಮತ್ತೆ ಅಂತರ್ಜಾಲ ಸಿಕ್ಕ ಕೂಡಲೇ ಪಟ್ಟಿಗೆ ಮರಳಿ ಬರುತ್ತದೆ. "ತೆಗೆದೆ, ಮತ್ತೆ ಬಂತು" ಎಂಬ ದೂರಿನ ಹಿಂದಿರುವುದು ಈ ಕಾರಣವೇ.

ಮಾರಿದವರು ಪಕ್ಕದಲ್ಲೇ ಇದ್ದರೆ ಇನ್ನೂ ಚಿಕ್ಕ ದಾರಿಯೊಂದಿದೆ. ಲಾಕ್ ಪರದೆಯಲ್ಲೇ ಅವರು ತಮ್ಮ ಖಾತೆಯ ಪಾಸ್‌ವರ್ಡ್ ಹಾಕಬಹುದು, ಅಥವಾ ಅಲ್ಲಿರುವ "Unlock with Passcode" ಒತ್ತಿ ಆ ಫೋನಿಗೆ ಹಿಂದೆ ಬಳಸುತ್ತಿದ್ದ ಪಾಸ್‌ಕೋಡನ್ನು ಹಾಕಬಹುದು. ಪಾಸ್‌ವರ್ಡ್ ಮರೆತರೂ ಆರಂಕಿಯ ಪಾಸ್‌ಕೋಡ್ ನೆನಪಿರುವವರಿಗೆ ಇದು ಬಹಳ ಉಪಯುಕ್ತ. ಆದರೆ ಒಂದು ಎಚ್ಚರಿಕೆ ಹೇಳಲೇಬೇಕು: ಖಾತೆಯ ಪಾಸ್‌ವರ್ಡನ್ನು ವಾಟ್ಸಾಪ್‌ನಲ್ಲಿ ಕಳುಹಿಸುವುದು ಮಾರಿದವರಿಗೂ ಒಳ್ಳೆಯದಲ್ಲ, ಕೇಳುವುದು ಕೊಂಡವರಿಗೂ ಶೋಭೆಯಲ್ಲ. ಆ ಒಂದು ಪಾಸ್‌ವರ್ಡಿನಿಂದ ಅವರ ಉಳಿದ ಸಾಧನಗಳನ್ನೂ ಫೈಂಡ್ ಮೈ ಪುಟದಲ್ಲಿ ಕುಳಿತು ಅಳಿಸಿಬಿಡಬಹುದು.

ಕುವೆಂಪುನಗರದ ಫೋನು, ಮಂಡ್ಯದ ಲಾಕ್

ಮೇಲಿನದನ್ನೆಲ್ಲ ಒಂದು ಉದಾಹರಣೆಯಲ್ಲಿಟ್ಟು ನೋಡೋಣ. ಮೈಸೂರಿನ ಕುವೆಂಪುನಗರದ ಹಿರಿಯರೊಬ್ಬರಿಂದ ಮಂಡ್ಯದ ಯುವಕನೊಬ್ಬ ಐಫೋನ್ 13 ಕೊಂಡನೆಂದು ಇಟ್ಟುಕೊಳ್ಳಿ. ಫೋನು ಕೈಗೆ ಬಂದಾಗ ಹಲೋ ಎಂದಿತು, ಬಿಲ್ಲೂ ಡಬ್ಬಿಯೂ ಇದ್ದವು, ಐಎಂಇಐ ತಾಳೆಯಾಯಿತು. ರಾತ್ರಿ ಮನೆಯಲ್ಲಿ ವೈಫೈಗೆ ಜೋಡಿಸಿದಾಗ ಲಾಕ್. ಪರದೆಯಲ್ಲಿ ಕಂಡ ವಿಳಾಸ s ಅಕ್ಷರದಿಂದ ಆರಂಭವಾಗಿ @icloud.com ಎಂದು ಮುಗಿಯುತ್ತಿತ್ತು.

ಹಿರಿಯರು ಕರೆಗೆ ಕೂಡಲೇ ಸ್ಪಂದಿಸಿದರು. "ನೋಡಪ್ಪ, ನನ್ನ ಕಡೆಯಿಂದ ಎಲ್ಲ ತೆಗೆದಿದ್ದೀನಿ, ನನ್ನ ಖಾತೆಯಲ್ಲಿ ಆ ಫೋನೇ ಇಲ್ಲ" ಎಂದರು. ಅವರ ಆಪಲ್ ಖಾತೆ ಜಿಮೇಲ್ ವಿಳಾಸದ್ದು, r ಅಕ್ಷರದಿಂದ ಶುರುವಾಗುವಂಥದ್ದು. ಅಂದರೆ ದಾಖಲೆ ಇರುವುದು ಅವರ ಖಾತೆಯಲ್ಲಿ ಅಲ್ಲವೇ ಅಲ್ಲ; ಅವರು ತಮ್ಮ ಖಾತೆಯಲ್ಲಿ ಎಷ್ಟು ಹುಡುಕಿದರೂ ತೆಗೆಯುವಂಥದ್ದೇನೂ ಸಿಗುವುದಿಲ್ಲ. ಇಂಥ ಹೊತ್ತಿನಲ್ಲಿ "ನಿಮ್ಮ ಪಾಸ್‌ವರ್ಡ್ ಯಾವುದು" ಎಂದು ಕೇಳುವುದರಿಂದ ಏನೂ ಆಗದು, ಕೇಳಬೇಕಾದದ್ದು "ಸರ್, ಈ ಫೋನನ್ನ ಕೊನೇಲಿ ಉಪಯೋಗಿಸ್ತಿದ್ದೋರು ಯಾರು?" ಎಂದು.

ಉತ್ತರದಲ್ಲಿ ಕಥೆ ಬಿಚ್ಚಿಕೊಂಡಿತು. ಫೋನು ಕೊಂಡದ್ದು ಅವರೇ, ಬಿಲ್ ಅವರ ಹೆಸರಿನಲ್ಲೇ ಇತ್ತು. ಆಮೇಲೆ ಅದನ್ನು ಹಾಸನದಲ್ಲಿ ಓದುತ್ತಿದ್ದ ಮಗಳಿಗೆ ಕೊಟ್ಟಿದ್ದರು. ಮಗಳು ಅದನ್ನು ಕ್ರಮವಾಗಿ ಅಳಿಸಿ ತನ್ನದೇ ಖಾತೆಯಿಂದ ಸಿದ್ಧಪಡಿಸಿಕೊಂಡಿದ್ದಳು. ಹೊಸ ಆಂಡ್ರಾಯ್ಡ್ ಬಂದ ಮೇಲೆ ಹಳೆಯ ಐಫೋನ್ ಮನೆಯ ಕಪಾಟು ಸೇರಿತು. ಮಾರುವ ಸಮಯಕ್ಕೆ ಪಾಸ್‌ಕೋಡ್ ಯಾರಿಗೂ ನೆನಪಿಲ್ಲದೆ ಅಂಗಡಿಯೊಂದರಲ್ಲಿ ಕಂಪ್ಯೂಟರಿಗೆ ಹಾಕಿಸಿ ಖಾಲಿ ಮಾಡಿಸಿದರು. ಖಾಲಿಯಾಯಿತು, ಬಿಡುಗಡೆಯಾಗಲಿಲ್ಲ.

ಇದರಲ್ಲೊಂದು ತೊಡಕು ಸೇರಿಕೊಳ್ಳಬಹುದು. ಮನೆಯವರ ಆಪಲ್ ಖಾತೆಗಳನ್ನು ಒಂದು ಗುಂಪಾಗಿ ಜೋಡಿಸುವ ಫ್ಯಾಮಿಲಿ ಶೇರಿಂಗ್ ಇರುವ ಮನೆಗಳಲ್ಲಿ ಮಗಳ ಫೋನು ತಂದೆಯ ಫೈಂಡ್ ಮೈ ಆ್ಯಪ್‌ನಲ್ಲೂ ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಿ ತಂದೆ ತಾವೇ ತೆಗೆಯಬಹುದೆಂದು ಭಾವಿಸಿ ಹೊರಟರೆ, ಮಗಳ ಪಾಸ್‌ವರ್ಡ್ ಕೇಳಿ ಅಲ್ಲೇ ನಿಲ್ಲುತ್ತದೆ. ಪಟ್ಟಿಯಲ್ಲಿ ಕಂಡರೂ ಹಕ್ಕು ಖಾತೆಯವರದೇ.

ಮಗಳು ಹಾಸ್ಟೆಲಿನಲ್ಲಿ ಕುಳಿತೇ ತನ್ನ ಆಂಡ್ರಾಯ್ಡ್ ಫೋನಿನ ಬ್ರೌಸರಿನಲ್ಲಿ ಮೇಲೆ ಹೇಳಿದ ಪುಟ ತೆರೆದಳು. ಪಾಸ್‌ವರ್ಡ್ ನೆನಪಿತ್ತು, ಸಂಕೇತದ ಪುಟವನ್ನು ದಾಟಿ ಸಾಧನಗಳ ಪಟ್ಟಿಗೆ ಹೋದಳು, ಐಫೋನ್ 13 ಆಫ್‌ಲೈನ್ ಎಂದು ಕಂಡಿತು, ತೆಗೆಯುವ ಆಯ್ಕೆ ಒತ್ತಿ ಖಚಿತಪಡಿಸಿದಳು. ಮಂಡ್ಯದಲ್ಲಿ ಯುವಕ ಫೋನನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ, ಭಾಷೆಯಿಂದ ಆರಂಭಿಸಿ ವೈಫೈವರೆಗೆ ಬಂದ. ಈ ಸಲ ಲಾಕ್ ಪರದೆಯ ಬದಲು "Data & Privacy" ಪುಟ ಬಂತು, ಮುಂದೆ ಫೇಸ್ ಐಡಿ ಸಿದ್ಧಪಡಿಸುವ ಪುಟ. ಅಲ್ಲಿಗೆ ತಲುಪಿದರೆ ಸರ್ವರ್ ಅನುಮತಿ ಕೊಟ್ಟಿದೆ ಎಂದೇ ಅರ್ಥ. ಮಾರಿದವರು "ತೆಗೆದೆ" ಎಂದ ಮೇಲೂ ಹಳೆಯ ಲಾಕ್ ಪರದೆಯೇ ಇದ್ದರೆ ಗಾಬರಿಯಾಗದೆ ಮೊದಲು ಫೋನನ್ನು ಆರಿಸಿ ಹಚ್ಚಬೇಕು, ಏಕೆಂದರೆ ಆ ಪರದೆ ಹಿಂದಿನ ಉತ್ತರವನ್ನೇ ತೋರಿಸುತ್ತಾ ನಿಂತಿರಬಹುದು. ಆಮೇಲೂ ಹಾಗೇ ಇದ್ದು ವಿಳಾಸದ ಮೊದಲ ಅಕ್ಷರವೂ ಬದಲಾಗದಿದ್ದರೆ ತೆಗೆದದ್ದು ಬೇರೆ ಪಟ್ಟಿಯಿಂದ ಅಥವಾ ಬೇರೆ ಫೋನನ್ನು.

ಮಾರುವಾಗಲೇ ಮಾಡಬೇಕಾಗಿದ್ದದ್ದು

ಫೋನು ಇನ್ನೂ ಮಾರುವವರ ಕೈಯಲ್ಲಿದ್ದು ಪಾಸ್‌ಕೋಡ್ ಗೊತ್ತಿದ್ದರೆ ಇಷ್ಟೆಲ್ಲ ಬೇಕಾಗಿಲ್ಲ. ಸೆಟ್ಟಿಂಗ್ಸ್‌ನ "General" ಒಳಗೆ "Transfer or Reset iPhone", ಅದರೊಳಗೆ "Erase All Content and Settings". ಪಾಸ್‌ಕೋಡ್ ಮತ್ತು ಖಾತೆಯ ಪಾಸ್‌ವರ್ಡ್ ಕೊಟ್ಟರೆ ಅಳಿಸುವಿಕೆಯೂ ಬಿಡುಗಡೆಯೂ ಒಟ್ಟಿಗೆ ಆಗುತ್ತವೆ. ಇಲ್ಲಿ ಗಮನಿಸಬೇಕಾದ ಹೊಸ ಅಡ್ಡಿ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್. ಐಓಎಸ್ 17.3ರಿಂದ ಬಂದಿರುವ ಈ ರಕ್ಷಣೆ ಚಾಲೂ ಇದ್ದರೆ, ಮನೆ ಅಥವಾ ಕಚೇರಿಯಂಥ ಪರಿಚಿತ ಸ್ಥಳದ ಹೊರಗೆ ಖಾತೆಯಿಂದ ಸೈನ್ ಔಟ್ ಆಗಲು ಮುಖ ತೋರಿಸಿ, ಒಂದು ಗಂಟೆ ಕಾದು, ಮತ್ತೆ ಮುಖ ತೋರಿಸಬೇಕಾಗುತ್ತದೆ. ಈ ರಕ್ಷಣೆಯನ್ನೇ ಆಫ್ ಮಾಡಲೂ ಅಷ್ಟೇ ಕಾಯಬೇಕು. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ವ್ಯವಹಾರ ಮುಗಿಸೋಣ ಎಂದುಕೊಂಡವರಿಗೆ ಇದು ದೊಡ್ಡ ತಲೆನೋವು. ಮಾರುವವರು ಮನೆಯಲ್ಲಿರುವಾಗಲೇ "Face ID & Passcode" ಒಳಗೆ ಹೋಗಿ ಆ ರಕ್ಷಣೆಯನ್ನು ಆಫ್ ಮಾಡಿಟ್ಟು ಬಂದರೆ ಒಳಿತು. ಕೊಳ್ಳುವವರು ತಮ್ಮ ಹಾಟ್‌ಸ್ಪಾಟ್‌ಗೆ ಜೋಡಿಸಿ ವೈಫೈ ಪುಟವನ್ನು ದಾಟಿ ನೋಡಿದ ಮೇಲೆಯೇ ಹಣ ಕೊಡಬೇಕು.

ಮಾರಿದವರಿಗೆ ಬಿಡಿಸಲಾಗದಿದ್ದರೆ

ಪಾಸ್‌ವರ್ಡ್ ಮರೆತಿದ್ದರೆ iforgot.apple.com ಪುಟದಲ್ಲಿ ಖಾತೆಯವರೇ ಅದನ್ನು ಬದಲಿಸಿಕೊಳ್ಳಬಹುದು. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಯೂ ಕೈತಪ್ಪಿದ್ದರೆ ಖಾತೆ ಮರುಪಡೆಯುವ ಕ್ರಮಕ್ಕೆ ಕೆಲವು ದಿನಗಳೇ ಹಿಡಿಯಬಹುದು, ಅದನ್ನು ಆತುರಪಡಿಸುವ ದಾರಿಯಿಲ್ಲ. ಅದೂ ಆಗದಿದ್ದರೆ ಉಳಿಯುವುದು ಮೂಲ ಖರೀದಿ ಬಿಲ್ಲಿನ ದಾರಿ. ಆಪಲ್‌ನ al-support.apple.com ಪುಟದಲ್ಲಿ, ಸೀರಿಯಲ್ ಸಂಖ್ಯೆ ಅಥವಾ ಐಎಂಇಐ ಇರುವ ಬಿಲ್ಲಿನೊಂದಿಗೆ ಲಾಕ್ ತೆಗೆಯಲು ಕೋರಿಕೆ ಸಲ್ಲಿಸಬಹುದು. ಫೋನು ಲಾಸ್ಟ್ ಮೋಡ್‌ನಲ್ಲಿರಬಾರದು, ಸಂಸ್ಥೆಯೊಂದರ ನಿಯಂತ್ರಣದಲ್ಲೂ ಇರಬಾರದು. ಇಬ್ಬರ ನಡುವೆ ಬಿಳಿ ಹಾಳೆಯಲ್ಲಿ ಬರೆದುಕೊಂಡ ಮಾರಾಟ ಪತ್ರವನ್ನು ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದ ಹೊಸದಾಗಿ ಕೊಂಡಾಗಿನ ಬಿಲ್ ಯಾರ ಹೆಸರಿನಲ್ಲಿದೆಯೋ ಅವರೇ ಈ ಕೋರಿಕೆ ಸಲ್ಲಿಸುವುದು ಸೂಕ್ತ.

ಮಾರಿದವರು ಕರೆಯನ್ನೇ ಎತ್ತದಿದ್ದರೆ ಮಾತು ಬೇರೆ. ಆಗ 14422 ಸಂಖ್ಯೆಗೆ KYM ಎಂದು ಬರೆದು, ಒಂದು ಜಾಗ ಬಿಟ್ಟು ಫೋನಿನ 15 ಅಂಕಿಗಳ ಐಎಂಇಐ ಸೇರಿಸಿ ಎಸ್‌ಎಂಎಸ್ ಕಳುಹಿಸಿದರೆ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಆ ಫೋನಿನ ಸ್ಥಿತಿ ಏನೆಂದು ಉತ್ತರ ಬರುತ್ತದೆ. ಬ್ಲ್ಯಾಕ್‌ಲಿಸ್ಟ್ ಆಗಿದೆಯೆಂದು ಬಂದರೆ ಲಾಕ್ ಬಿಡಿಸುವ ಯೋಚನೆ ಬಿಟ್ಟು, ಹಣ ಕೊಟ್ಟದ್ದಕ್ಕೆ ಇರುವ ದಾಖಲೆಗಳೊಂದಿಗೆ ಪೊಲೀಸ್ ಠಾಣೆಗೆ ಹೋಗುವುದೇ ಸರಿ. ಈ ಉತ್ತರ ಆಕ್ಟಿವೇಶನ್ ಲಾಕ್ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದು ನೆನಪಿರಲಿ. ಐಎಂಇಐ ಹಾಕಿ ಲಾಕ್ ಇದೆಯೇ ಎಂದು ನೋಡಲು ಆಪಲ್ ತಾನೇ ನಡೆಸುತ್ತಿದ್ದ ಪುಟವನ್ನು 2017ರಲ್ಲಿ ತೆಗೆದುಹಾಕಿತು.

ಹಣ ಕೊಟ್ಟರೆ "ಬೈಪಾಸ್" ಮಾಡಿಕೊಡುತ್ತೇವೆ ಎನ್ನುವವರ ಕೆಲಸ ಸರ್ವರಿನ ದಾಖಲೆಯನ್ನು ಮುಟ್ಟುವುದಿಲ್ಲ. ಹಳೆಯ ಕೆಲವು ಮಾದರಿಗಳಲ್ಲಿ ಸಿದ್ಧತೆಯ ಪುಟಗಳನ್ನು ಹಾರಿಸಿ ಒಳಗೆ ಹೋಗಲು ಬಿಡುತ್ತದೆ, ಅಷ್ಟೇ. ಮುಂದೊಮ್ಮೆ ಫೋನನ್ನು ಅಳಿಸಿದ ದಿನ ಅದೇ ಲಾಕ್ ಅದೇ ವಿಳಾಸದೊಂದಿಗೆ ಮರಳಿ ಬರುತ್ತದೆ. ಬಿಡಿಭಾಗಕ್ಕಾದರೂ ಬಂದೀತು ಎಂಬ ಸಮಾಧಾನವೂ ಈಗ ಮೊದಲಿನಂತಿಲ್ಲ, ಏಕೆಂದರೆ ಐಓಎಸ್ 18ರಿಂದ ಬ್ಯಾಟರಿ, ಡಿಸ್‌ಪ್ಲೇ, ಕ್ಯಾಮೆರಾಗಳಂಥ ಭಾಗಗಳಿಗೂ ಆಪಲ್ ಈ ಲಾಕನ್ನು ವಿಸ್ತರಿಸಿದೆ. ಹಾಗಾಗಿ ಖಾತೆಯವರು ಸಿಗದ, ಮೂಲ ಬಿಲ್ಲೂ ಇಲ್ಲದ ಫೋನಿಗೆ ಮತ್ತೆ ಹಣ ಸುರಿಯದೆ, ಕೊಟ್ಟ ಹಣವನ್ನು ಮಾರಿದವರಿಂದ ಹಿಂದಕ್ಕೆ ಪಡೆಯುವ ಕಡೆಗೆ ಗಮನ ಕೊಡಬೇಕು.